ಕವಿತೆಯ ‘ನೀನು’ ಯಾರು?

ಪ್ರಶ್ನೆ: ಚಿತ್ರದುರ್ಗದ ಕೋಟೆಗೆ ಹೋಗಿ ಬಂದ ಮೇಲೆ ಓಬವ್ವನ ಕಿಂಡಿಯ ಬಗ್ಗೆ ಕವಿತೆ ಬರೆದೆ. ‘ಓಬವ್ವಾ, ನೀನು ಒನಕೆ ಹಿಡಿದು ನಿಂತೆ, ನಿನ್ನ ಧೈರ್ಯಕ್ಕೆ ಕಲ್ಲೂ ನಡುಗಿತು’ ಅಂತ ಶುರುವಾಗುತ್ತದೆ. ‘ನೀನು’ ಅಂದರೆ ಓದುವವರು ಒಳಗೆ ಬರುತ್ತಾರೆ ಅಂತ ಕೇಳಿದ್ದೆ. ಆದರೆ ಓದಿದ ಗೆಳತಿಯರು ದೂರದಿಂದ ನೋಡಿದ ಹಾಗಿದೆ ಅಂದರು. ಯಾಕೆ ಮೇಡಂ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ನಿಮ್ಮ ‘ನೀನು’ಗೆ ಆಗಲೇ ಒಬ್ಬಳು ಒಡತಿ ಇದ್ದಾಳೆ, ಓಬವ್ವ. ನೀವು ಅವಳ ಜೊತೆ ಮಾತಾಡುತ್ತಿದ್ದೀರಿ. ಓದುವವರು ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳುತ್ತಾರೆ ಅಷ್ಟೇ. ಅದು ತಪ್ಪಲ್ಲ, ದೇವರನ್ನು ಕರೆದು ಮಾತಾಡುವ ವಚನಗಳೂ ಹಾಗೇ ಇವೆ. ಆದರೆ ಓದುವವರನ್ನೇ ಕಿಂಡಿಯ ಬಳಿ ನಿಲ್ಲಿಸಬೇಕು ಅಂದರೆ ಆ ‘ನೀನು’ ಖಾಲಿ ಇರಬೇಕು. ಹೆಸರು ತೆಗೆದುಬಿಡಿ.

ಆಮೇಲೆ ‘ನೀನು’ ಎಂಬ ಪದವನ್ನೂ ಆದಷ್ಟು ಬಿಡಿ. ನಮ್ಮ ಕ್ರಿಯಾಪದದ ಕೊನೆಯಲ್ಲೇ ಅದು ಕೂತಿರುತ್ತದೆ. ‘ಬಗ್ಗುತ್ತೀಯ’ ಅಂದರೆ ಸಾಕು, ಯಾರಿಗೆ ಹೇಳಿದ್ದು ಅಂತ ಗೊತ್ತಾಗುತ್ತದೆ. ‘ಬಗ್ಗಿದನು’, ‘ಬಗ್ಗಿದಳು’ ಅಂದರೆ ಗಂಡೋ ಹೆಣ್ಣೋ ಅಂತ ತೀರ್ಮಾನವಾಗಿಬಿಡುತ್ತದೆ, ಆದರೆ ‘ಬಗ್ಗುತ್ತೀಯ’ ಒಳಗೆ ಯಾರು ಬೇಕಾದರೂ ಹೋಗಬಹುದು. ಒಂದು ಎಚ್ಚರ ಬೇಕು. ಭೂತಕಾಲದಲ್ಲಿ ಈ ಅನುಕೂಲ ಇಲ್ಲ. ‘ನಾನು ಬಂದೆ’, ‘ನೀನು ಬಂದೆ’ ಎರಡೂ ಒಂದೇ ರೂಪ ಅಲ್ವಾ? ಬರೀ ‘ಬಂದೆ’ ಅಂತ ಬರೆದರೆ ಓದುವವರು ಅದನ್ನು ಕವಿಯ ‘ನಾನು’ ಅಂದುಕೊಂಡು ಹೊರಗೇ ಉಳಿಯುತ್ತಾರೆ. ಅದಕ್ಕೇ ಇಂಥ ಕವಿತೆಗೆ ವರ್ತಮಾನಕಾಲ ಒಗ್ಗುತ್ತದೆ.

ಇನ್ನು ಓದುವವರನ್ನು ಎಲ್ಲಿ ನಿಲ್ಲಿಸುತ್ತೀರಿ? ನನಗೆ ಇದೇ ಎಲ್ಲಕ್ಕಿಂತ ಮುಖ್ಯ. ಕಿಂಡಿಯಲ್ಲಿ ತಲೆ ಬಗ್ಗಿಸಿ ನುಸುಳುವವರು ಕಥೆಯಲ್ಲಿ ಹೈದರಾಲಿಯ ಸೈನಿಕರು. ಇವತ್ತು ನೋಡಲು ಹೋಗಿ ಅಲ್ಲಿ ಬಗ್ಗುವವರೂ ಅವರ ಜಾಗದಲ್ಲೇ ಇರುತ್ತಾರೆ. ಅಲ್ಲಿಂದ ಬರೆದು ನೋಡಿ:

ತಲೆ ಬಗ್ಗಿಸುತ್ತೀಯ.
ಭುಜ ಕಲ್ಲಿಗೆ ತಾಗುತ್ತದೆ.
ಒಂದು ಕೈ ಮುಂದೆ ಊರುತ್ತೀಯ.
ಆಚೆ ಯಾರೋ ಉಸಿರು ಬಿಗಿಹಿಡಿದು ನಿಂತಿದ್ದಾರೆ.

ಮೊದಲ ಮೂರು ಸಾಲಿನಲ್ಲಿ ಮೈ ಮಾಡುವ ಕೆಲಸ ಮಾತ್ರ ಇದೆ. ಕೋಟೆ ನೋಡದವರೂ ಅದನ್ನು ಒಪ್ಪುತ್ತಾರೆ, ಯಾಕಂದರೆ ಎಲ್ಲರೂ ಎಲ್ಲೋ ಒಮ್ಮೆ ಬಗ್ಗಿ ನುಸುಳಿದವರೇ. ನಾಲ್ಕನೆಯ ಸಾಲಿಗೆ ಬರುವಾಗ ಅವರು ಹಿಂದೆ ಸರಿಯಲಾಗದ ಜಾಗದಲ್ಲಿ ಇರುತ್ತಾರೆ. ಇಲ್ಲಿ ‘ಭಯದಿಂದ ನಡುಗುತ್ತೀಯ’ ಅಂತ ಸೇರಿಸಿದರೆ ಕೆಟ್ಟಿತು. ‘ಇಲ್ಲ, ನಾನು ನಡುಗಲಿಲ್ಲ’ ಅಂತ ಓದುವವರ ಮನಸ್ಸು ತಕರಾರು ತೆಗೆಯುತ್ತದೆ. ಕೈಕಾಲು ಏನು ಮಾಡಿತು ಅಂತ ನೀವು ಹೇಳಬಹುದು, ಏನನ್ನಿಸಿತು ಅನ್ನುವುದನ್ನು ಅವರಿಗೇ ಬಿಡಿ.

ನಡುವೆ ‘ಬಗ್ಗುತ್ತೀರಿ’ ಅಂತ ಬಹುವಚನಕ್ಕೆ ಜಾರಬೇಡಿ. ಕೋಟೆ ತೋರಿಸುವ ಗೈಡ್ ಮಾತಾಡಿದ ಹಾಗೆ ಕೇಳುತ್ತದೆ.

ಓಬವ್ವನ ಹೆಸರು ಶೀರ್ಷಿಕೆಯಲ್ಲಿ ಇರಲಿ. ಒಳಗೆ ಒನಕೆಯ ಮಾತನ್ನೇ ಎತ್ತಬೇಡಿ.