ಪಿಸಿಆರ್ ಏರಿದ್ದು ಪುಟ್ ಹೆಚ್ಚಿದ್ದರಿಂದಲೇ?

ಪ್ರಶ್ನೆ: ನಿಫ್ಟಿ ಪಿಸಿಆರ್ ನಿನ್ನೆ 0.9 ಇತ್ತು, ಇವತ್ತು 1.3. ಪುಟ್ ಜಾಸ್ತಿ ಅಂದ್ರೆ ಜನ ಹೆದರಿದ್ದಾರೆ ಅಂತ ನಾನು. ಪುಟ್ ಮಾರುವವರಿಗೆ ಧೈರ್ಯ ಬಂದಿದೆ, ಮಾರ್ಕೆಟ್ ಏರುತ್ತೆ ಅಂತ ನನ್ನ ಸ್ನೇಹಿತ. ಯಾರು ಸರಿ?
– ಓದುಗರು, ಬಸವನಗುಡಿ, ಬೆಂಗಳೂರು

ಉತ್ತರ: ಇಷ್ಟರಿಂದಲೇ ತೀರ್ಪು ಕೊಡಲಾಗದು. ಪಿಸಿಆರ್ ಎಂದರೆ ಪುಟ್-ಕಾಲ್ ರೇಶಿಯೊ, ಬರೀ ಭಾಗಾಕಾರ: ಪುಟ್‌ಗಳ ಓಪನ್ ಇಂಟರೆಸ್ಟನ್ನು, ಅಂದರೆ ಇನ್ನೂ ಚುಕ್ತಾ ಆಗದೆ ಉಳಿದ ಕಾಂಟ್ರ್ಯಾಕ್ಟ್‌ಗಳ ಲೆಕ್ಕವನ್ನು, ಕಾಲ್‌ಗಳದ್ದರಿಂದ ಭಾಗಿಸಿದ್ದು. ಹಾಗಾಗಿ ಮೊದಲು ನೋಡಬೇಕಾದ್ದು, ಮೇಲಿನ ಸಂಖ್ಯೆ ಹಿಗ್ಗಿತೋ ಕೆಳಗಿನದು ಕುಗ್ಗಿತೋ ಎಂದು. ನಿನ್ನೆ ಪುಟ್ 90 ಲಕ್ಷ, ಕಾಲ್ 100 ಲಕ್ಷ ಇತ್ತೆನ್ನಿ; ಇವತ್ತು ಪುಟ್ 91, ಕಾಲ್ 70. ಪಿಸಿಆರ್ 1.3 ಆಯಿತು. ಆದರೆ ಪುಟ್ ಕಡೆ ಹೆಚ್ಚುಕಮ್ಮಿ ಏನೂ ನಡೆದಿಲ್ಲ, ಕಾಲ್ ಇಟ್ಟುಕೊಂಡಿದ್ದವರು ಲೆಕ್ಕ ಚುಕ್ತಾ ಮಾಡಿ ಹೊರಟಿದ್ದಾರೆ. ನಿಮ್ಮಿಬ್ಬರ ವಾದವೂ ಇಲ್ಲಿ ಅನ್ವಯಿಸುವುದಿಲ್ಲ. ಎಲ್ಲ ಎಕ್ಸ್‌ಪೈರಿಗಳನ್ನೂ ಕೂಡಿಸಿದ ಪಿಸಿಆರ್ ಆದರೆ, ವಾರದ ಕಾಂಟ್ರ್ಯಾಕ್ಟ್ ಮುಗಿದ ಮರುದಿನ ಯಾರ ಮನಸ್ಸೂ ಬದಲಾಗದೆ ಅಂಕಿ ನೆಗೆಯಬಹುದು. ಒಂದೇ ಎಕ್ಸ್‌ಪೈರಿಯನ್ನು ಅದರದ್ದೇ ನಿನ್ನೆಯ ಅಂಕಿಯೊಂದಿಗೆ ಹೋಲಿಸಿ.

ಪುಟ್ ನಿಜವಾಗಿಯೂ ಹೆಚ್ಚಿದ್ದರೆ? ಒಂದು ಪುಟ್ ಕಾಂಟ್ರ್ಯಾಕ್ಟ್ ಹುಟ್ಟಬೇಕಾದರೆ ಕೊಂಡವನೊಬ್ಬ, ಮಾರಿದವನೊಬ್ಬ ಇರಲೇಬೇಕು. ಓಪನ್ ಇಂಟರೆಸ್ಟ್ ಆ ಜೋಡಿಯನ್ನು ಎಣಿಸುತ್ತದೆ, ಯಾರಿಗೆ ಆತುರವಿತ್ತು ಎಂಬುದನ್ನಲ್ಲ. ಆತುರ ಕಾಣುವುದು ಪ್ರೀಮಿಯಂನಲ್ಲಿ. ಎನ್‌ಎಸ್‌ಇ ಆಪ್ಷನ್ ಚೈನ್‌ನಲ್ಲಿ CHNG IN OI ಪಕ್ಕದಲ್ಲಿ IV, LTP ಕಾಲಂಗಳನ್ನೂ ಓದಿ. IV ಎಂದರೆ ಪ್ರೀಮಿಯಂನಲ್ಲಿ ಅಡಗಿರುವ ಏರಿಳಿತದ ನಿರೀಕ್ಷೆ, LTP ಎಂದರೆ ಕೊನೆಯ ವಹಿವಾಟಿನ ಬೆಲೆ. ನಿಫ್ಟಿ 25,000ದಲ್ಲೇ ನಿಂತಿದೆ, ಎಕ್ಸ್‌ಪೈರಿಗೆ ಐದು ದಿನವಿದೆ, 24,800ರ ಪುಟ್ 62 ರೂಪಾಯಿ, IV 12 ಎಂದುಕೊಳ್ಳಿ. ಓಪನ್ ಇಂಟರೆಸ್ಟ್ ಏರುತ್ತಾ, ಅದೇ ದಿನ ಪ್ರೀಮಿಯಂ 80ರ ಸುತ್ತ, IV 14ಕ್ಕೆ ಹೋದರೆ ದುಬಾರಿ ಕೊಟ್ಟಾದರೂ ಕೊಳ್ಳುವವರಿದ್ದಾರೆ. ನಿಮ್ಮ ಮಾತಿಗೆ ತೂಕ. ಪ್ರೀಮಿಯಂ 53ಕ್ಕೆ, IV 11ಕ್ಕೆ ಇಳಿದರೆ ಮಾರುವವರೇ ಮುಂದೆ ಬಿದ್ದಿದ್ದಾರೆ. ಸ್ನೇಹಿತರ ಮಾತಿಗೆ ತೂಕ. ನಿಫ್ಟಿಯೇ ನೂರಾರು ಅಂಶ ಓಡಿದ ದಿನ ಪ್ರೀಮಿಯಂ ಹೇಗೂ ಏರಿಳಿಯುತ್ತದೆ, ಅಂದು IV ಮೇಲೇ ಹೆಚ್ಚು ಕಣ್ಣಿಡಿ.

ಆದರೂ ಇದು ಭಾವನೆಯ ಥರ್ಮಾಮೀಟರ್ ಅಲ್ಲ. ಕೋಟಿಗಟ್ಟಲೆ ಷೇರು ಇಟ್ಟುಕೊಂಡವರು ಮನೆಗೆ ವಿಮೆ ಮಾಡಿಸಿದಂತೆ ಪುಟ್ ಕೊಳ್ಳುತ್ತಾರೆ, ಷೇರನ್ನೇನೂ ಮಾರುತ್ತಿಲ್ಲ. 24,800ರ ಪುಟ್ ಮಾರಿದವನು 24,600ರದ್ದನ್ನು ಕೊಂಡಿರಬಹುದು. ಆಗ ಎರಡು ಸಾಲಿನಲ್ಲೂ ಪುಟ್ ಹೆಚ್ಚಿದಂತೆ ಕಾಣುತ್ತದೆ, ಆಟ ಮಾತ್ರ ಒಂದೇ. ಸಂಜೆ ಎನ್‌ಎಸ್‌ಇ ಹೊರಡಿಸುವ ಪಟ್ಟಿಯಲ್ಲಿ ವಿದೇಶಿ ಸಂಸ್ಥೆ, ಬ್ರೋಕರ್‌ಗಳ ಸ್ವಂತ ಖಾತೆ, ಸಾಮಾನ್ಯ ಗ್ರಾಹಕರು ಎಷ್ಟು ಕೊಂಡಿದ್ದಾರೆ, ಎಷ್ಟು ಮಾರಿದ್ದಾರೆ ಎಂದು ವಿಂಗಡಿಸಿರುತ್ತಾರೆ. ಸ್ಟ್ರೈಕ್‌ವಾರು ವಿವರ ಮಾತ್ರ ಅದರಲ್ಲಿ ಇರುವುದಿಲ್ಲ. ಆ 24,800ರ ಪುಟ್ ಮಾರಿದ್ದು ಯಾರೆಂದು ಅಲ್ಲೂ ಸಿಗದು.