ಡೇರಿ ಸಭೆಯ ಭಾಷಣ ಸುತ್ತೋಲೆಯಂತೆ ಕೇಳಿಸಿದರೆ

ಪ್ರಶ್ನೆ: ನಮ್ಮ ಹಾಲು ಉತ್ಪಾದಕರ ಸಂಘದ ಸಭೆಯಲ್ಲಿ ಹಾಲಿನ ಗುಣಮಟ್ಟದ ಬಗ್ಗೆ ನಾನು ಮಾತನಾಡಬೇಕು. ಭಾಷಣ ಬರೆದಿಟ್ಟಿದ್ದೇನೆ, ಆದರೆ ಓದಿದರೆ ನೋಟಿಸ್ ಓದಿದ ಹಾಗಿರುತ್ತದೆ. ಉದಾಹರಣೆಗೆ: ‘ಸದಸ್ಯರುಗಳು ಸರಬರಾಜು ಮಾಡುವ ಹಾಲಿನಲ್ಲಿ ಶೇ 3.5 ಜಿಡ್ಡಿನಂಶ ಹಾಗೂ ಶೇ 8.5 ಜಿಡ್ಡೇತರ ಘನಾಂಶ ಇರತಕ್ಕದ್ದು. ತಪ್ಪಿದಲ್ಲಿ ಹಾಲನ್ನು ತಿರಸ್ಕರಿಸಲಾಗುವುದು.’ ಇದನ್ನು ಆತ್ಮೀಯವಾಗಿ ಹೇಗೆ ಹೇಳಲಿ?
– ಸಂಘದ ಕಾರ್ಯದರ್ಶಿ, ಮಾಲೂರು ತಾಲ್ಲೂಕು

ಉತ್ತರ: ಮೊದಲು ‘ತಿರಸ್ಕರಿಸಲಾಗುವುದು’ ಎಂಬುದನ್ನು ನೋಡಿ. ಯಾರು ತಿರಸ್ಕರಿಸುವವರು? ನೀವೇ. ದಿನವೂ ಬೆಳಿಗ್ಗೆ ಎದುರು ನಿಂತು ಹಾಲು ಅಳೆಯುವವರು ಸಭೆಯಲ್ಲಿ ಮಾತ್ರ ವಾಕ್ಯದ ಹಿಂದೆ ಅಡಗಿಕೊಂಡರೆ ಮಾತು ತಣ್ಣಗಾಗುತ್ತದೆ. ‘ಲಾಗಿದೆ’, ‘ಲಾಗುವುದು’, ‘ತಕ್ಕದ್ದು’ ಬಂದ ಕಡೆಯಲ್ಲೆಲ್ಲ ಗೆರೆ ಎಳೆದು, ಆ ಕೆಲಸ ಮಾಡುವವರನ್ನು ವಾಕ್ಯದೊಳಗೆ ಕರೆತನ್ನಿ. ಆಮೇಲೆ ಕ್ರಮ ಬದಲಿಸಿ: ರೈತನಿಗೆ ಆಗುವ ತೊಂದರೆ ಮೊದಲು, ಅಂಕಿ ಆಮೇಲೆ, ಕಾರಣ ಕೊನೆಗೆ. ಹೀಗೆ:

‘ಬೆಳಗಾಗೆದ್ದು ಕರೆದ ಹಾಲನ್ನು ಮನೆಗೆ ವಾಪಸ್ ಹೊತ್ತುಕೊಂಡು ಹೋಗುವುದು ಯಾರಿಗೆ ತಾನೇ ಬೇಕು? ಬೇಡವೆನ್ನಲು ನನಗೂ ಸಂಕಟ. ಫ್ಯಾಟ್ 3.5, ಎಸ್‌ಎನ್‌ಎಫ್ 8.5 ಇರಬೇಕು; ಕಡಿಮೆ ಬಂದರೆ ನಾನು ತೆಗೆದುಕೊಳ್ಳುವ ಹಾಗಿಲ್ಲ. ಕೊನೆಯಲ್ಲಿ ಬರುವ ಹಾಲಿನಲ್ಲೇ ಜಿಡ್ಡು ಹೆಚ್ಚು. ಅದನ್ನು ಕರುವಿಗೆ ಬಿಟ್ಟು ಮೊದಲಿನ ಹಾಲನ್ನಷ್ಟೇ ತಂದರೆ ಫ್ಯಾಟ್ ಇಳಿಯುತ್ತದೆ.’

ಅಂಕಿಯೂ ನಿಯಮವೂ ಸಡಿಲವಾಗಿಲ್ಲ ಎಂಬುದನ್ನು ಗಮನಿಸಿ. ‘ಸ್ವಲ್ಪ ನೋಡಿಕೊಳ್ಳಿ’ ಎಂದು ಮೆತ್ತಗೆ ಮಾಡಿದರೆ ನಾಳೆ ಹಾಲು ವಾಪಸ್ ಮಾಡಿದಾಗ ಜಗಳ ನಿಮಗೇ. ‘ಜಿಡ್ಡೇತರ ಘನಾಂಶ’ ಹೋಗಿ ‘ಎಸ್‌ಎನ್‌ಎಫ್’ ಬಂದದ್ದಕ್ಕೆ ಸಂಕೋಚ ಬೇಡ. ಡೇರಿ ಮುಂದೆ ಎಲ್ಲರ ಬಾಯಲ್ಲಿರುವುದು ಅದೇ. ಮನೆಯಲ್ಲಿ ತೆಲುಗು ಆಡುವವರೂ ನಿಮ್ಮ ಸಭೆಯಲ್ಲಿ ಇರುತ್ತಾರಲ್ಲವೇ, ಅವರಿಗೂ ಅದೇ ಸಲೀಸು.

ನಿಜವಾದ ಕಷ್ಟ ನೀರು ಬೆರೆಸುವ ವಿಚಾರದಲ್ಲಿ. ‘ಕೆಲವರು ನೀರು ಬೆರೆಸುತ್ತಿದ್ದಾರೆ’ ಎಂದು ಎಷ್ಟೇ ನಯವಾಗಿ ಹೇಳಿದರೂ ಎಲ್ಲರೂ ಅಕ್ಕಪಕ್ಕ ತಿರುಗಿ ನೋಡುತ್ತಾರೆ, ಅಲ್ಲಿಗೆ ಸಭೆ ಕೆಟ್ಟಿತು. ಜನರ ಮೇಲಿಂದ ಮಾತನ್ನು ಪಾತ್ರೆಗೆ ತಿರುಗಿಸಿ: ‘ತೊಳೆದ ನೀರು ಕ್ಯಾನಿನ ತಳದಲ್ಲಿ ಉಳಿದಿದ್ದರೂ ಲ್ಯಾಕ್ಟೋಮೀಟರಿನ ಡಿಗ್ರಿ ಇಳಿಯುತ್ತದೆ. ಕವುಚಿಟ್ಟು, ಒಣಗಿದ ಮೇಲೆ ಕರೆಯಿರಿ.’ ಬೇಕೆಂದೇ ಬೆರೆಸುವವರಿಗೂ ಇದು ತಲುಪುತ್ತದೆ.

‘ನಾವೆಲ್ಲರೂ’ ಎಂಬುದನ್ನು ಎಚ್ಚರದಿಂದ ಬಳಸಿ. ಆಡಳಿತ ಮಂಡಳಿ ತೀರ್ಮಾನಿಸಿದ್ದನ್ನು ‘ನಾವೆಲ್ಲರೂ ಸೇರಿ ತೀರ್ಮಾನಿಸಿದ್ದೇವೆ’ ಎಂದರೆ ಹಿಂದಿನ ಸಾಲಿನಿಂದ ‘ನನ್ನನ್ನು ಯಾರು ಕೇಳಿದರು?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ‘ಮಂಡಳಿಯವರು ಹೀಗೆ ತೀರ್ಮಾನಿಸಿದ್ದಾರೆ, ನಿಮ್ಮ ಅಭಿಪ್ರಾಯ ಹೇಳಿ’ ಎನ್ನಿ. ಗಾದೆಗಳನ್ನು ಪೋಣಿಸಲು ಹೋಗಬೇಡಿ.

ನಡಾವಳಿ ಪುಸ್ತಕಕ್ಕೆ ಹೋಗುವ ನಿರ್ಣಯವನ್ನು ಮಾತ್ರ ಮುಟ್ಟಬೇಡಿ. ‘ಇದು ಪುಸ್ತಕದಲ್ಲಿ ಬರೆಯುವ ಮಾತು’ ಎಂದು ಹೇಳಿ, ಇದ್ದಂತೆಯೇ ಓದಿ, ಬೇಕಿದ್ದರೆ ಆಮೇಲೆ ವಿವರಿಸಿ.