ಮಿಕ್ಸಿ ಗುಂಯ್ ಎನ್ನುತ್ತದೆ, ತಿರುಗುವುದಿಲ್ಲ

ಪ್ರಶ್ನೆ: ಸ್ವಿಚ್ ಹಾಕಿದರೆ ಮೋಟಾರ್ ಗುಂಯ್ ಅಂತಿದೆ, ಬ್ಲೇಡ್ ತಿರುಗ್ತಿಲ್ಲ. ಕಪ್ಲರ್ ಹೋಗಿದ್ಯಾ, ಕಾರ್ಬನ್ ಬ್ರಷ್ ಹೋಗಿದ್ಯಾ?

ಮೊದಲು ಸ್ವಿಚ್ ಆರಿಸಿ, ಪ್ಲಗ್ ಕೀಳಿ. ಸದ್ದು ಬರುತ್ತಿದ್ದರೆ ಮೋಟಾರಿಗೆ ಕರೆಂಟ್ ಹೋಗುತ್ತಿದೆ. ಮೋಟಾರಿನ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಬ್ರಷ್ ಪೂರ್ತಿ ಸವೆದಿದ್ದರೆ ಸದ್ದೇ ಇರುತ್ತಿರಲಿಲ್ಲ, ಅಲ್ವಾ? ಅರ್ಧಂಬರ್ಧ ಸವೆದಾಗ ಕಿಡಿ ಜಾಸ್ತಿ, ಓಟ ತಡೆದು ತಡೆದು.

ಜಾರ್ ತೆಗೆದು, ಅದರ ತಳದ ಕಪ್ಲರನ್ನು ಬೆರಳಲ್ಲಿ ತಿರುಗಿಸಿ. ಸಲೀಸಾಗಿ ಸುತ್ತಬೇಕು. ಬಿಗಿಯಾಗಿದ್ದರೆ ಬ್ಲೇಡಿನ ಶಾಫ್ಟ್ ಕೂರುವ ಬುಷ್ ಒಳಗೆ ನೀರಿಳಿದು ಶಾಫ್ಟ್ ಹಿಡಿದುಕೊಂಡಿದೆ. ನನ್ನ ಮೊದಲ ಅನುಮಾನ ಇದರ ಮೇಲೇ. ಬುಷ್, ಬ್ಲೇಡ್ ಬದಲಿಸಿದರೆ ಸರಿಹೋಗುತ್ತದೆ. ಕಪ್ಲರ್ ಸವೆತದ ಲಕ್ಷಣ ಬೇರೆ: ಮೋಟಾರ್ ಜೋರಾಗಿ ಓಡುತ್ತದೆ, ಬ್ಲೇಡ್ ಮಾತ್ರ ನಿಂತಿರುತ್ತದೆ. ಕಪ್ಲರ್ ಹಲ್ಲುಗಳು ದುಂಡಗಾಗಿ, ಸುತ್ತ ಕಪ್ಪು ಪುಡಿ ಉದುರಿರುತ್ತದೆ.

ಜಾರ್ ಸರಿಯಿದ್ದರೆ ಮೋಟಾರ್ ಮೇಲಿನ ಕಪ್ಲರ್ ತಿರುಗಿಸಿ. ಬಿಗಿಯಾಗಿದ್ದರೆ ಬೇರಿಂಗ್ ಹಿಡಿದಿದೆ. ಸಲೀಸಾಗಿದ್ದೂ, ಜಾರ್ ಹಾಕದೆ ಸ್ವಿಚ್ ಹಾಕಿದಾಗಲೂ ಗುಂಯ್ ಎಂದರೆ ಮೋಟಾರ್ ಒಳಗೆ ತಿರುಗುವ ಆರ್ಮೇಚರ್ ಸುಟ್ಟಿರಬಹುದು. ಆಗ ಸುಮ್ನೆ ಬ್ರಷ್ ಹಾಕಿಸಬೇಡಿ.

ಶಾಫ್ಟ್ ಹಿಡಿದ ಜಾರನ್ನೇ ಹಾಕಿ ಓಡಿಸಿದರೆ ಸ್ವಲ್ಪ ಹೊತ್ತಿಗೆ ಓವರ್‌ಲೋಡ್ ಕಟ್ ಆಗಿ ಸದ್ದು ನಿಲ್ಲುತ್ತದೆ. ಮೋಟಾರ್ ತಣ್ಣಗಾದ ಮೇಲೆ ಮಿಕ್ಸಿ ತಳದ ಓವರ್‌ಲೋಡ್ ಬಟನ್ ಒತ್ತಿ. ಜಾರ್ ಸರಿಮಾಡದೆ ಮತ್ತೆ ಮತ್ತೆ ಒತ್ತಿ ಓಡಿಸಿದರೆ ಮೋಟಾರಿನ ವೈಂಡಿಂಗ್ ಸುಡುತ್ತದೆ.